ಪ್ರಿಸ್ಮಾ ಚಿತ್ರದ ಲೆಕ್ಕ ಕೂಡಿಸಿದ್ದು ಹೀಗೆ

ತೋಟದಲ್ಲಿ ನೆರಳು ಕಮ್ಮಿಯಾದರೆ ಕಾಂಡ ಕೊರೆಯುವ ಬೋರರ್ ಹುಳ ಜಾಸ್ತಿ ಎಂಬುದು ಕೊಡಗಿನ ಅರೇಬಿಕಾ ಬೆಳೆಗಾರರಿಗೆ ಹೇಳಿಕೊಡಬೇಕಾದ ಮಾತಲ್ಲ. ಎಷ್ಟು ನೆರಳಿಗೆ ಎಷ್ಟು ಬೋರರ್ ಎಂದು ಅಳೆದವರು ಯಾರು, ಅವರ ಅಳತೆಗಳನ್ನು ಒಟ್ಟಿಗೆ ಇಟ್ಟರೆ ಏನು ಕಾಣುತ್ತದೆ ಎಂದು ನೋಡಲು ನಾವು ಇಬ್ಬರು ಸೇರಿ ಬಿಳಿ ಕಾಂಡಕೊರಕದ ಮೇಲೆ ಒಂದು ಸಿಸ್ಟಮ್ಯಾಟಿಕ್ ರಿವ್ಯೂ ಮಾಡಿದೆವು. ಅದರ ಫಲಿತಾಂಶ ಇಲ್ಲಿ ಬೇಡ. ಎಷ್ಟು ಲೇಖನ ಸಿಕ್ಕಿದವು, ಯಾವ ಹಂತದಲ್ಲಿ ಎಷ್ಟನ್ನು ಬಿಟ್ಟೆವು ಎಂದು ತೋರಿಸುವ ಅದರ ಪ್ರಿಸ್ಮಾ ಫ್ಲೋ ಡಯಾಗ್ರಾಮಿನ ಸಂಖ್ಯೆಗಳನ್ನು ಹೇಗೆ ಹೊಂದಿಸಿದೆವು ಎಂಬುದಷ್ಟನ್ನೇ ಬರೆಯುತ್ತೇನೆ. ಪ್ರಬಂಧ ಇನ್ನೂ ಅಚ್ಚಾಗಿಲ್ಲದ ಕಾರಣ ಕೆಳಗಿನ ಸಂಖ್ಯೆಗಳನ್ನು ಬದಲಿಸಿದ್ದೇನೆ. ಕೂಡುವ ಕಳೆಯುವ ಕ್ರಮ ಮಾತ್ರ ಇದ್ದದ್ದೇ.

ಚಿತ್ರ ಬಿಡಿಸುವುದು ಕಷ್ಟವೇ ಅಲ್ಲ. ಪ್ರಿಸ್ಮಾ 2020ರ ವರ್ಡ್ ಟೆಂಪ್ಲೇಟ್ ಉಚಿತವಾಗಿ ಸಿಗುತ್ತದೆ, ಬಾಕ್ಸ್‌ಗಳಲ್ಲಿ ಸಂಖ್ಯೆ ತುಂಬಿದರೆ ಆಯಿತು. ಟೆಂಪ್ಲೇಟ್ ನಾಲ್ಕು ಬಗೆಯದಿದೆ: ಹೊಸ ರಿವ್ಯೂಗೆ ಎರಡು, ಹಳೆಯದನ್ನು ಪರಿಷ್ಕರಿಸುವವರಿಗೆ ಎರಡು. ಡೇಟಾಬೇಸ್ ಅಲ್ಲದೆ ಬೇರೆ ಕಡೆಯೂ ಹುಡುಕಿದ್ದರೆ ಬಲಗಡೆ ಇನ್ನೊಂದು ಸಾಲಿರುವುದನ್ನು ತೆಗೆದುಕೊಳ್ಳಬೇಕು. ನಮಗೆ ಅದೇ ಬೇಕಾಯಿತು. ಕಾಫಿಯ ಹಳೆಯ ಲೇಖನಗಳು ಎಷ್ಟೋ ಸ್ಕೋಪಸ್‌ನಂಥ ಡೇಟಾಬೇಸ್‌ನಲ್ಲಿಲ್ಲ, ಗ್ರಂಥಾಲಯದ ಕಪಾಟಿನಲ್ಲಿವೆ.

ಕಷ್ಟವಿರುವುದು ಚಿತ್ರದ ನಡುವೆ ಎಣಿಸುವ ವಸ್ತುವೇ ಬದಲಾಗುವುದರಲ್ಲಿ. ಮೇಲಿನ ಬಾಕ್ಸ್‌ಗಳಲ್ಲಿ ಎಣಿಸುವುದು ರೆಕಾರ್ಡ್, ಅಂದರೆ ಡೇಟಾಬೇಸ್ ಕೊಟ್ಟ ಶೀರ್ಷಿಕೆ ಮತ್ತು ಸಾರಾಂಶದ ಒಂದು ನಮೂದು. ಪೂರ್ತಿ ಪಾಠ ಹುಡುಕಲು ಹೊರಟ ಕ್ಷಣದಿಂದ ಎಣಿಸುವುದು ರಿಪೋರ್ಟ್, ಅಂದರೆ ಕೈಗೆ ಬರುವ ಲೇಖನ, ಥೀಸಿಸ್, ಸಮ್ಮೇಳನದ ಪ್ರಬಂಧ. ಕೊನೆಯ ಬಾಕ್ಸ್‌ನಲ್ಲಿ ಅಧ್ಯಯನ, ಅಂದರೆ ತೋಟದಲ್ಲಿ ನಿಜವಾಗಿ ನಡೆದ ಕೆಲಸ. ಒಂದು ಅಧ್ಯಯನಕ್ಕೆ ಮೂರು ರಿಪೋರ್ಟ್ ಇರಬಹುದು, ಒಂದು ರಿಪೋರ್ಟಿಗೆ ಮೂರು ಡೇಟಾಬೇಸ್‌ನಿಂದ ಮೂರು ರೆಕಾರ್ಡ್ ಬಂದಿರಬಹುದು. ಲೆಕ್ಕ ತಪ್ಪುವ ರಿವ್ಯೂಗಳಲ್ಲಿ ಹೆಚ್ಚಿನವು ತಪ್ಪುವುದು ಇವುಗಳನ್ನು ಕಲಸುವುದರಿಂದ.

ನಮ್ಮ ಎಡಗಡೆಯ ಸಾಲು ಹೀಗೆ ಇಳಿಯಿತು. ಸ್ಕೋಪಸ್ 184, ವೆಬ್ ಆಫ್ ಸೈನ್ಸ್ 131, ಕ್ಯಾಬ್ ಅಬ್‌ಸ್ಟ್ರಾಕ್ಟ್ಸ್ 297, ಒಟ್ಟು 612 ರೆಕಾರ್ಡ್. ಡೂಪ್ಲಿಕೇಟ್ 203 ಹೋಗಿ ಸ್ಕ್ರೀನ್ ಮಾಡಿದ್ದು 409. ಶೀರ್ಷಿಕೆ, ಸಾರಾಂಶ ನೋಡಿ ಬಿಟ್ಟದ್ದು 341. ಉಳಿದ 68ರ ಪೂರ್ತಿ ಪಾಠಕ್ಕೆ ಹುಡುಕಾಟ. 7 ಸಿಗಲೇ ಇಲ್ಲ. ಓದಿದ್ದು 61, ಓದಿ ಬಿಟ್ಟದ್ದು 38, ಉಳಿದದ್ದು 23 ರಿಪೋರ್ಟ್.

ಇವು ಯಾವುದನ್ನೂ ನಾವು ಕೈಯಲ್ಲಿ ಎಣಿಸಲಿಲ್ಲ. 612 ರೆಕಾರ್ಡ್‌ಗಳನ್ನೂ ಒಂದೇ ಶೀಟಿನಲ್ಲಿ ಇಟ್ಟು, ಮೊದಲ ದಿನವೇ ಪ್ರತಿ ಸಾಲಿಗೂ ಒಂದು ನಂಬರ್ ಕೊಟ್ಟೆವು. ಅಂದಿನಿಂದ ಯಾವ ಸಾಲನ್ನೂ ಅಳಿಸುವಂತಿಲ್ಲ ಎಂಬುದೇ ನಿಯಮ. ಡೂಪ್ಲಿಕೇಟ್ ಆದರೂ ಸಾಲು ಅಲ್ಲೇ ಇರುತ್ತದೆ, ಪಕ್ಕದ ಕಾಲಂನಲ್ಲಿ `dup` ಎಂದು ಬೀಳುತ್ತದೆ, ಅಷ್ಟೆ. ಹಂತ ಒಂದು ಕಾಲಂ, ಕಾರಣ ಇನ್ನೊಂದು. ಚಿತ್ರದ ಪ್ರತಿ ಸಂಖ್ಯೆಯೂ ಇಂಥ ಒಂದು ಸೂತ್ರದಿಂದ ಬಂತು:

```
=COUNTIFS(D:D,"ft_exclude",E:E,"no_shade")
```

ಇಬ್ಬರ ತೀರ್ಮಾನಕ್ಕೆ ಬೇರೆ ಬೇರೆ ಕಾಲಂ ಇತ್ತು, ಆದರೆ ಸೂತ್ರ ನೋಡುವುದು ಚರ್ಚೆಯ ನಂತರದ ಕೊನೆಯ ತೀರ್ಮಾನವನ್ನು ಮಾತ್ರ. ಎಷ್ಟರಲ್ಲಿ ಭಿನ್ನಮತ ಬಂತೆಂಬುದಕ್ಕೆ ಚಿತ್ರದಲ್ಲಿ ಜಾಗವಿಲ್ಲ, ಅದು ಬರಹದೊಳಗೆ ಹೋಗಬೇಕು.

ಈಗ ಡೂಪ್ಲಿಕೇಟ್ ವಿಚಾರ. ಒಂದೇ ಲೇಖನ ಸ್ಕೋಪಸ್‌ನಲ್ಲೂ ಕ್ಯಾಬ್‌ನಲ್ಲೂ ಬಂದರೆ ಅದು ಡೂಪ್ಲಿಕೇಟ್, ತಕರಾರಿಲ್ಲ. ಆದರೆ ಒಂದು ಪಿಎಚ್‌ಡಿ ಥೀಸಿಸ್, ಅದೇ ಹೆಸರಿನ ಸಂಶೋಧಕರ ಸಮ್ಮೇಳನದ ಪ್ರಬಂಧ, ಆಮೇಲೆ ಜರ್ನಲ್ ಲೇಖನ ಮೂರೂ ಸಾಲಾಗಿ ಬಂದವು. ನನ್ನ ಜೊತೆ ಸ್ಕ್ರೀನ್ ಮಾಡುತ್ತಿದ್ದವಳು, “ಅಕ್ಕ, ಇವೆರಡನ್ನ ಡೂಪ್ಲಿಕೇಟ್ ಅಂತ ತೆಗೆದುಬಿಡ್ಲಾ?” ಎಂದಳು. “ಬೇಡ ಮಾರಾಯ್ತಿ, ಶೀರ್ಷಿಕೆ ಬೇರೆ, ಪ್ರಕಟವಾದ ಜಾಗ ಬೇರೆ. ಮೂರೂ ಕೆಳಗಿನವರೆಗೆ ಬರಲಿ” ಎಂದೆ. ಪೂರ್ತಿ ಓದಿದಾಗ ಮೂರರಲ್ಲೂ ತೋಟದ ಎತ್ತರ, ನೋಡಿದ ಗಿಡಗಳ ಸಂಖ್ಯೆ, ಹುಳ ಎಣಿಸಿದ ವರ್ಷಗಳು ಒಂದೇ. ಸಮ್ಮೇಳನದ ಪ್ರಬಂಧದಲ್ಲಿ ಒಂದು ಹಂಗಾಮಿನ ಲೆಕ್ಕ, ಲೇಖನದಲ್ಲಿ ಎರಡು. ನೆರಳನ್ನು ಅಳೆದ ವಿಧಾನದ ವಿವರ ಇದ್ದದ್ದು ಥೀಸಿಸ್‌ನಲ್ಲಿ ಮಾತ್ರ. ಎರಡನ್ನು ಮೇಲೆಯೇ ಕಿತ್ತಿದ್ದರೆ ಆ ವಿವರ ಹೋಗುತ್ತಿತ್ತು. ಮೂರನ್ನೂ ಬೇರೆ ಬೇರೆ ಅಧ್ಯಯನ ಎಂದು ಹಿಡಿದಿದ್ದರೆ ಅಧ್ಯಯನಗಳ ಅಂಕಿಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಮೆಟಾ ಅನಾಲಿಸಿಸ್‌ನಲ್ಲಿ ಅವೇ ಗಿಡಗಳು ಮೂರು ಸಲ ಎಣಿಕೆಯಾಗುತ್ತಿದ್ದವು. ಶೀಟಿನಲ್ಲಿ ‘ಅಧ್ಯಯನದ ನಂಬರ್’ ಎಂದು ಇನ್ನೊಂದು ಕಾಲಂ ಹಾಕಿ ಮೂರಕ್ಕೂ ಒಂದೇ ನಂಬರ್ ಕೊಟ್ಟೆವು. ಕೊನೆಯ ಬಾಕ್ಸ್‌ನಲ್ಲಿ ಅಧ್ಯಯನಕ್ಕೂ ರಿಪೋರ್ಟಿಗೂ ಬೇರೆ ಬೇರೆ ಸಾಲಿರುವುದು ಇದಕ್ಕೇ.

ಬಿಟ್ಟ 38ರ ಕಾರಣಗಳನ್ನು ಬರೆಯುವುದೂ ಸಲೀಸಲ್ಲ. ಒಂದೇ ಲೇಖನದಲ್ಲಿ ನೆರಳಿನ ಅಳತೆಯೂ ಇಲ್ಲ, ಬೋರರ್ ಪ್ರಮಾಣವೂ ಇಲ್ಲ ಎಂದಾದರೆ ಎರಡೂ ಕಡೆ ಗುರುತು ಹಾಕಲು ಕೈ ಹೋಗುತ್ತದೆ. ಹಾಕಿದರೆ ಕಾರಣಗಳ ಮೊತ್ತ 38 ದಾಟುತ್ತದೆ, ಓದುವವರಿಗೆ ಲೆಕ್ಕ ಸಿಗುವುದಿಲ್ಲ. ನಾವು ಓದಲು ಕೂರುವ ಮುಂಚೆಯೇ ಕಾರಣಗಳಿಗೆ ಕ್ರಮ ಕಟ್ಟಿಕೊಂಡೆವು: ಸ್ವಂತ ಡೇಟಾ ಇಲ್ಲ, ಬೇರೆ ಹುಳ, ಬೋರರ್ ಪ್ರಮಾಣ ಕೊಟ್ಟಿಲ್ಲ, ನೆರಳು ಅಳೆದಿಲ್ಲ. ಮೇಲಿಂದ ನೋಡುತ್ತಾ ಮೊದಲು ಎಡವಿದ ಕಾರಣವೇ ಆ ರಿಪೋರ್ಟಿನ ಕಾರಣ. 4, 6, 11, 17, ಕೂಡಿದರೆ 38. ಈ ಕ್ರಮವನ್ನು ವಿಧಾನದ ಭಾಗದಲ್ಲಿ ಒಂದು ವಾಕ್ಯದಲ್ಲಿ ಹೇಳಿಬಿಡಬೇಕು. ಇಲ್ಲದಿದ್ದರೆ ‘ನೆರಳು ಅಳೆಯದವರು 17 ಮಾತ್ರವೇ’ ಎಂದು ಓದುವವರು ತಪ್ಪು ತಿಳಿಯುತ್ತಾರೆ. ಮೇಲಿನ ಕಾರಣಕ್ಕೆ ಹೋದವುಗಳಲ್ಲೂ ನೆರಳು ಅಳೆಯದವು ಇರುತ್ತವಲ್ಲ.

ಸಿಗದ 7ನ್ನು ಈ 38ರೊಳಗೆ ನೂಕುವವರಿದ್ದಾರೆ. ಅದು ಸರಿಯಲ್ಲ. ಓದದೇ ಇರುವುದನ್ನು ಅನರ್ಹ ಎನ್ನಲು ಬರುವುದಿಲ್ಲ, ಅದಕ್ಕೇ ಬೇರೆ ಬಾಕ್ಸ್ ಇದೆ. ಯಾವ್ಯಾವುದು ಸಿಗಲಿಲ್ಲ ಎಂಬ ಪಟ್ಟಿಯನ್ನೂ ಪೂರಕ ಕಡತದಲ್ಲಿ ಹಾಕಿದೆವು.

ಬಲಗಡೆಯ ಸಾಲು ಚಿಕ್ಕದು. ಉಲ್ಲೇಖ ಪಟ್ಟಿಗಳಿಂದ 9, ಗ್ರಂಥಾಲಯದ ಹಳೆಯ ಸಂಚಿಕೆ ತಿರುವಿ 6, ಒಟ್ಟು 15. ಇಲ್ಲಿ ಸ್ಕ್ರೀನಿಂಗ್ ಬಾಕ್ಸ್ ಇಲ್ಲ, ನೇರ ಪೂರ್ತಿ ಪಾಠಕ್ಕೆ. 2 ಸಿಗಲಿಲ್ಲ, ಓದಿದ್ದು 13, ಬಿಟ್ಟದ್ದು 8, ಉಳಿದದ್ದು 5. ಉಲ್ಲೇಖ ಪಟ್ಟಿಯಲ್ಲಿ ಕಂಡ ಪ್ರತಿಯೊಂದನ್ನೂ ಮೊದಲು 612ರಲ್ಲಿ ಹುಡುಕಿ, ಇಲ್ಲದಿದ್ದರೆ ಮಾತ್ರ ಇಲ್ಲಿಗೆ ಸೇರಿಸಿದೆವು. ಹೀಗೆ ನೋಡದಿದ್ದರೆ ಅದೇ ಲೇಖನ ಎರಡೂ ಸಾಲಿನಲ್ಲಿ ಇಳಿದು ಬರುತ್ತದೆ.

ಎಡದ 23, ಬಲದ 5, ಒಟ್ಟು 28 ರಿಪೋರ್ಟ್. ಒಂದೇ ನಂಬರಿನವನ್ನು ಕೂಡಿಸಿದಾಗ 22 ಅಧ್ಯಯನ. ಮೆಟಾ ಅನಾಲಿಸಿಸ್‌ಗೆ ಅಳತೆ ಹೊಂದಿದ್ದು ಅದರಲ್ಲಿ 14ಕ್ಕೆ ಮಾತ್ರ. 2009ರ ಚಿತ್ರದಲ್ಲಿ ಇದಕ್ಕೆ ಪ್ರತ್ಯೇಕ ಬಾಕ್ಸ್ ಇತ್ತು, 2020ರಲ್ಲಿ ಇಲ್ಲ. ಹಾಗಾಗಿ ಅದನ್ನು ಫಲಿತಾಂಶದ ಬರಹದಲ್ಲೇ ಹೇಳಿದೆವು.

ಕಳಿಸುವ ಮುಂಚೆ ಚಿತ್ರವನ್ನು ಪ್ರಿಂಟ್ ತೆಗೆದು, ಪ್ರತಿ ಬಾಕ್ಸ್‌ನಿಂದ ಪಕ್ಕದ ಬಾಕ್ಸ್ ಕಳೆದು ಕೆಳಗಿನದು ಬರುತ್ತದೆಯೇ ಎಂದು ಪೆನ್ನಿನಲ್ಲಿ ಟಿಕ್ ಹಾಕುತ್ತಾ ಬಂದೆ. ಆಮೇಲೆ ಸಾರಾಂಶ, ಫಲಿತಾಂಶದ ಮೊದಲ ಪ್ಯಾರಾ, ಅಧ್ಯಯನಗಳ ಕೋಷ್ಟಕ ಮೂರನ್ನೂ ಪಕ್ಕದಲ್ಲಿಟ್ಟು ನೋಡಿದೆ. ಕೋಷ್ಟಕದಲ್ಲಿ 22 ಸಾಲು, ಸಾರಾಂಶದಲ್ಲಿ ‘22 ಅಧ್ಯಯನ, 28 ರಿಪೋರ್ಟ್’.