ಮೀಸೆ ತಡವಾದರೆ ಮೊದಲು ಎತ್ತರ ಸರಿಯಾಗಿ ಅಳೆಯಿರಿ

ಶಿಡ್ಲಘಟ್ಟದ ಕಡೆ ಹೈಸ್ಕೂಲೊಂದರಲ್ಲಿ ನಾನು ಪಿಟಿ ಮೇಷ್ಟ್ರು. ಜೂನ್‌ನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗರನ್ನು ಸಾಲಾಗಿ ನಿಲ್ಲಿಸಿದರೆ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಪಕ್ಕದವನದು ಇನ್ನೂ ಐದನೇ ಕ್ಲಾಸಿನ ದನಿ. ಈ ಸಲ ಒಬ್ಬನ ತಾಯಿ ‘ಎತ್ತರ ಬೆಳೆಸುವ’ ಪೌಡರ್ ಡಬ್ಬ ಹಿಡಿದುಕೊಂಡೇ ಬಂದರು. ‘ಐದು ತಿಂಗಳಿಂದ ಒಂದು ಬೆರಳೂ ಬೆಳೆದಿಲ್ಲ ಸಾರ್.’ ಬಾಗಿಲ ಪಕ್ಕದ ಪೆನ್ಸಿಲ್ ಗೀಟಿನ ಫೋಟೊ ತೋರಿಸಿದರು. ಗೀಟೇ ಓರೆ!

ಮೊದಲು ಮನೆಯಲ್ಲಿ ವಿಚಾರಿಸಿ. ಅಪ್ಪ ಯಾವ ಕ್ಲಾಸಿನಲ್ಲಿ ಉದ್ದವಾದರು, ಅಮ್ಮ ಎಷ್ಟನೇ ವಯಸ್ಸಿಗೆ ದೊಡ್ಡವರಾದರು? ಮಿದುಳಿನಿಂದ ಹೊರಡುವ ಒಂದು ಹಾರ್ಮೋನಿನ ಸಂಕೇತದಿಂದ ಈ ಬದಲಾವಣೆ ಶುರುವಾಗುತ್ತದೆ. ಅದು ಯಾವಾಗ ಹೊರಡಬೇಕು ಅನ್ನುವುದು ಅರ್ಧಕ್ಕಿಂತ ಜಾಸ್ತಿ ವಂಶದಿಂದಲೇ ಬರುತ್ತದೆ. ಮೈಯಲ್ಲಿ ಕೊಬ್ಬು ಜಾಸ್ತಿ ಇರುವ ಹೆಣ್ಣುಮಕ್ಕಳಿಗೆ ಬೇಗ ಆಗುವುದುಂಟು. ಊಟ ಸಾಲದೆ ಇದ್ದರೆ, ಬಹಳ ದಿನದ ಕಾಯಿಲೆ ಇದ್ದರೆ ತಡವಾಗುತ್ತದೆ. ಈ ಹುಡುಗನ ಅಪ್ಪ ರೇಷ್ಮೆ ಸಾಕುವವರು. ‘ನಾನೂ ಸೆಕೆಂಡ್ ಪಿಯುಸಿಲೇ ಸಾರ್ ಉದ್ದ ಆಗಿದ್ದು. ಒಂದೇ ತಟ್ಟೆ ಹುಳ ಎಲ್ಲಾ ಒಂದೇ ದಿನ ಹಣ್ಣಾಗ್ತವಾ?’ ಅಂದರು.

ಎರಡನೆಯದು ಅಳತೆ. ಎಲ್ಲರೂ ಎಡವುವುದು ಇಲ್ಲೇ. ಟೈಲರ್ ಟೇಪು ಬೇಡ, ಎಳೆದರೆ ಹಿಗ್ಗುತ್ತದೆ. ಗಾರೆ ಕೆಲಸದವರ ಸ್ಟೀಲ್ ಟೇಪನ್ನೇ ತನ್ನಿ. ಗೋಡೆ ಬುಡದಲ್ಲಿ ಟೈಲ್ಸ್ ಪಟ್ಟಿ ಇರಬಾರದು, ಇದ್ದರೆ ಹಿಮ್ಮಡಿ ಮುಂದೆ ಬರುತ್ತದೆ. ಚಪ್ಪಲಿ, ಸಾಕ್ಸ್ ಬಿಚ್ಚಿಸಿ. ಹೆಣ್ಣುಮಕ್ಕಳಾದರೆ ತುರುಬು ಬಿಚ್ಚಿಸಿ. ಹಿಮ್ಮಡಿ, ಕುಂಡಿ, ಬೆನ್ನು ಗೋಡೆಗೆ ತಾಗಿರಲಿ. ಮಕ್ಕಳು ಉದ್ದ ಕಾಣಲೆಂದು ಗದ್ದ ಎತ್ತುತ್ತಾರೆ, ಬಿಡಬೇಡಿ. ಕಣ್ಣಿನ ಕೆಳಗಿನ ಮೂಳೆಯಂಚು, ಕಿವಿಯ ತೂತು ಎರಡೂ ಒಂದೇ ಮಟ್ಟಕ್ಕೆ ಬರಬೇಕು. ತಲೆ ಮೇಲೆ ಸ್ಕೇಲ್ ಇಟ್ಟರೆ ಓರೆಯಾಗುತ್ತದೆ. ಗಟ್ಟಿ ರಟ್ಟಿನ ದಪ್ಪ ಪುಸ್ತಕದ ಒಂದು ಅಂಚನ್ನು ಗೋಡೆಗೆ ಒತ್ತಿ, ಕೂದಲು ಅದುಮುವಂತೆ ಕೆಳಗಿಳಿಸಿ ಗೀಟು ಎಳೆಯಿರಿ. ಮೂರು ಸಲ ಅಳೆಯಿರಿ. ಬೆಳಿಗ್ಗೆ ಅಳೆದಿದ್ದರೆ ಮುಂದಿನ ಸಲವೂ ಬೆಳಿಗ್ಗೆಯೇ ಅಳೆಯಬೇಕು, ಸಂಜೆ ಹೊತ್ತಿಗೆ ಬೆನ್ನುಮೂಳೆ ಅದುಮಿಕೊಂಡು ಒಂದು ಸೆಂ.ಮೀ.ವರೆಗೂ ಕುಗ್ಗುತ್ತದೆ. ಆ ತಾಯಿ ಜನವರಿಯಲ್ಲಿ ಬೆಳಿಗ್ಗೆ, ಜೂನ್‌ನಲ್ಲಿ ಸಂಜೆ ಅಳೆದಿದ್ದರು. ಐದು ತಿಂಗಳ ಬೆಳವಣಿಗೆ ಅರ್ಧ ಅಲ್ಲೇ ಹೋಯಿತು.

ಆಮೇಲೆ ಲೆಕ್ಕ. ಆರು ತಿಂಗಳಿಗಿಂತ ಕಡಿಮೆ ಅಂತರದ ಅಳತೆಯನ್ನು ನಾನು ನಂಬುವುದಿಲ್ಲ. ಹೋದ ಜುಲೈನಲ್ಲಿ ನನ್ನ ರಿಜಿಸ್ಟರಿನಲ್ಲಿ ಅವನು 141.5 ಸೆಂ.ಮೀ. ಈ ಜೂನ್‌ನಲ್ಲಿ 146. ಹನ್ನೊಂದು ತಿಂಗಳಿಗೆ 4.5, ಅಂದರೆ ವರ್ಷಕ್ಕೆ ಸುಮಾರು 4.9. ಮೈ ಬದಲಾಗುವ ಮೊದಲು ವರ್ಷಕ್ಕೆ 4ರಿಂದ 6 ಸೆಂ.ಮೀ. ಬೆಳೆಯುವುದು ಮಾಮೂಲು. ನಾಲ್ಕಕ್ಕಿಂತ ಕಡಿಮೆ ಇದ್ದಿದ್ದರೆ ನಾನೇ ಆಸ್ಪತ್ರೆಗೆ ಕಳಿಸುತ್ತಿದ್ದೆ.

ಆದರೂ ಅವನಿಗೆ 14 ದಾಟಿತ್ತು, ಹಾಗಾಗಿ ಡಾಕ್ಟರಿಗೆ ತೋರಿಸಿ ಅಂದೆ. ಇಲ್ಲಿ ಇನ್ನೊಂದು ತಪ್ಪು ಎಣಿಕೆ ಇದೆ. ಮೀಸೆ ಮೊದಲ ಗುರುತಲ್ಲ, ಅದು ಕೊನೆ ಕೊನೆಗೆ ಬರುತ್ತದೆ. ಹುಡುಗರಲ್ಲಿ ಮೊದಲು ದೊಡ್ಡದಾಗುವುದು ವೃಷಣ, ಹುಡುಗಿಯರಲ್ಲಿ ಸಾಮಾನ್ಯವಾಗಿ ಎದೆ. ಹುಡುಗರಿಗೆ 14, ಹುಡುಗಿಯರಿಗೆ 13 ತುಂಬಿದರೂ ಈ ಗುರುತು ಕಾಣದಿದ್ದರೆ ತೋರಿಸಬೇಕು. ಹುಡುಗಿಗೆ 8, ಹುಡುಗನಿಗೆ 9 ತುಂಬುವ ಮೊದಲೇ ಕಂಡರೂ ಅಷ್ಟೇ. ಡಾಕ್ಟರು ಹುಡುಗನ ವೃಷಣದ ಗಾತ್ರವನ್ನು ಮಣಿಸರದಂಥ ಅಳತೆಯಲ್ಲಿ ಹೋಲಿಸಿ ನೋಡಿದರು. 4 ಮಿ.ಲೀ. ಇತ್ತು, ಅಂದರೆ ಒಳಗೆ ಆಗಲೇ ಶುರುವಾಗಿತ್ತು. ಎಡಗೈ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು 12. ಎರಡು ವರ್ಷ ಹಿಂದಿರುವ ಮೂಳೆಗೆ ಬೆಳೆಯಲು ಅಷ್ಟು ಕಾಲ ಜಾಸ್ತಿ ಸಿಗುತ್ತದೆ. ಹುಡುಗರು ಸರ್ರನೆ ಬೆಳೆಯುವುದು ನಡುಹಂತದಲ್ಲಿ, ಹುಡುಗಿಯರು ಶುರುವಿನಲ್ಲೇ. ಹುಡುಗಿಯರು ಮೈನೆರೆದ ಮೇಲೆ ಸಾಮಾನ್ಯವಾಗಿ 5ರಿಂದ 7 ಸೆಂ.ಮೀ. ಅಷ್ಟೇ ಬೆಳೆಯುತ್ತಾರೆ. ಬೇಗ ದೊಡ್ಡವಳಾದವಳು ಏಳನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ, ಹತ್ತನೇ ಕ್ಲಾಸಿಗೆ ಗಿಡ್ಡ ಆಗಿ ಕಾಣುವುದು ಇದಕ್ಕೇ. ಇನ್ನು ಆ ಪೌಡರ್? ಹಾಲಿನ ಪುಡಿ, ಸಕ್ಕರೆ ಅಂತ ಡಬ್ಬದ ಮೇಲೇ ಬರೆದಿತ್ತು. ಅದರ ಬದಲು ಮೊಟ್ಟೆ ಕೊಡಿ.

ಮನಸ್ಸಿನ ಮೇಲಾಗುವ ಪೆಟ್ಟು ಎಲ್ಲರಿಗೂ ಒಂದೇ ಥರ ಅಲ್ಲ. ಬೇಗ ಬೆಳೆದ ಹುಡುಗಿ ಹತ್ತು ವರ್ಷದವಳಾದರೂ ಎಲ್ಲರೂ ಹದಿನಾಲ್ಕರವಳಂತೆ ನೋಡುತ್ತಾರೆ. ದುಪಟ್ಟಾ ಎಳೆದುಕೊಂಡು ಹಿಂದಿನ ಬೆಂಚಿಗೆ ಸರಿಯುತ್ತಾಳೆ, ಓಟಕ್ಕೆ ಹೆಸರು ಕೊಡುವುದಿಲ್ಲ. ಬೇಸರ, ಖಿನ್ನತೆ ಈ ಹುಡುಗಿಯರಲ್ಲೇ ಜಾಸ್ತಿ. ಬೇಗ ಬೆಳೆದ ಹುಡುಗನಿಗೆ ಟೀಮಿನಲ್ಲಿ ಜಾಗ ಸಿಗುತ್ತದೆ, ಜೊತೆಗೆ ಪಿಯುಸಿ ಹುಡುಗರ ಸಹವಾಸ, ಸಿಗರೇಟೂ. ತಡವಾದವನನ್ನು ‘ಏಯ್ ಚೋಟು’ ಅಂತ ಕರೆಯುತ್ತಾರೆ, ಅವನು ಆಟವನ್ನೇ ಬಿಡುತ್ತಾನೆ.

ಈಗ ಅಭ್ಯಾಸದ ಕಬಡ್ಡಿಗೆ ನಾನು ಕ್ಲಾಸು ನೋಡಿ ಟೀಮು ಮಾಡುವುದಿಲ್ಲ, ತಕ್ಕಡಿ ಮೇಲೆ ನಿಲ್ಲಿಸಿ ತೂಕ ನೋಡಿ ಮಾಡುತ್ತೇನೆ. ಆ ಹುಡುಗ 34 ಕೆ.ಜಿ. ಎಂಟನೇ ಕ್ಲಾಸಿನವರ ಜೊತೆ ರೈಡ್‌ಗೆ ಹೋಗುತ್ತಾನೆ, ಮುಟ್ಟಿ ವಾಪಸ್ಸೂ ಬರುತ್ತಾನೆ.