ಬ್ರಾಡ್‌ಬ್ಯಾಂಡ್ ಸಂಪರ್ಕ ರದ್ದುಪಡಿಸುವಾಗ ರೂಟರ್ ರಸೀದಿ ಮರೆಯದಿರಿ

ಮನೆ ಬದಲಾಯಿಸಿದಾಗ ಅಥವಾ ಬೇರೆ ಕಂಪನಿಯ ಇಂಟರ್ನೆಟ್ ಹಾಕಿಸಿಕೊಂಡಾಗ, ಹಳೆಯ ಸಂಪರ್ಕದ ಬಿಲ್ ಕಟ್ಟುವುದನ್ನು ನಿಲ್ಲಿಸಿದರೆ ಸಾಕು, ಅದು ತಾನಾಗಿ ರದ್ದಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಮುಂಗಡ ರೀಚಾರ್ಜ್ ಮಾಡಿಸುವ ಪ್ರೀಪೇಯ್ಡ್ ಪ್ಲಾನ್‌ಗಳಲ್ಲಿ ಸೇವೆಯಂತೂ ನಿಲ್ಲುತ್ತದೆ. ಆದರೆ ತಿಂಗಳು ಮುಗಿದ ಮೇಲೆ ಬಿಲ್ ಬರುವ ಪೋಸ್ಟ್‌ಪೇಯ್ಡ್ ಸಂಪರ್ಕದಲ್ಲಿ ಹಣ ಕಟ್ಟದಿದ್ದರೆ ಕಂಪನಿ ಮೊದಲು ಸೇವೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯುತ್ತದೆಯೇ ಹೊರತು ಖಾತೆಯನ್ನು ಮುಚ್ಚುವುದಿಲ್ಲ. ಬಾಕಿ ಹಾಗೆಯೇ ಉಳಿದು, ಕೆಲವು ತಿಂಗಳ ನಂತರ ವಸೂಲಿ ಏಜೆನ್ಸಿಯ ಕರೆಯಾಗಿಯೋ ವಕೀಲರ ನೋಟಿಸ್ ಆಗಿಯೋ ಮನೆಗೆ ಬರುತ್ತದೆ. ಆದ್ದರಿಂದ ಕೋರಿಕೆ ಸಲ್ಲಿಸುವುದು, ಖಾತೆ ಮುಚ್ಚುವುದು, ಉಪಕರಣ ಮರಳಿಸುವುದು ಇವು ಮೂರೂ ಬೇರೆ ಬೇರೆ ಘಟ್ಟಗಳೆಂದು ತಿಳಿದು, ಪ್ರತಿಯೊಂದಕ್ಕೂ ಪ್ರತ್ಯೇಕ ಲಿಖಿತ ದಾಖಲೆ ಇಟ್ಟುಕೊಳ್ಳಬೇಕು.

ಮೊದಲಿಗೆ, ಸಂಪರ್ಕ ಪಡೆದಾಗಿನ ಅರ್ಜಿ ಅಥವಾ ಮೊದಲ ಬಿಲ್ ತೆಗೆದು ಎರಡು ಸಂಗತಿ ನೋಡಿ. ರೂಟರ್ ನಿಮ್ಮ ಸ್ವಂತದ್ದೇ ಅಥವಾ ಕಂಪನಿ ಬಳಸಲು ಕೊಟ್ಟದ್ದೇ? ಭದ್ರತಾ ಠೇವಣಿ ಎಷ್ಟು? ಆರು ತಿಂಗಳು ಅಥವಾ ಒಂದು ವರ್ಷದ ಪ್ಲಾನ್‌ಗೆ ಉಚಿತ ಅಳವಡಿಕೆಯ ಸೌಲಭ್ಯ ಪಡೆದಿದ್ದರೆ, ಅವಧಿಗೆ ಮೊದಲೇ ಬಿಟ್ಟರೆ ಆ ಶುಲ್ಕ ಕಟ್ಟಬೇಕೆಂಬ ಷರತ್ತು ಇದೆಯೇ ಎಂಬುದನ್ನೂ ಅಲ್ಲೇ ಓದಿಕೊಳ್ಳಿ.

ಕೋರಿಕೆಯನ್ನು ಇಮೇಲ್ ಅಥವಾ ಆ್ಯಪ್ ಮೂಲಕ ಕಳಿಸುವುದು ಕ್ಷೇಮ. ದೂರವಾಣಿಯಲ್ಲಿ ಮಾತನಾಡಿದ್ದರೂ ಅದನ್ನೇ ಇಮೇಲ್‌ನಲ್ಲಿ ಮತ್ತೊಮ್ಮೆ ಬರೆಯಿರಿ. ‘ನನ್ನ ಹೆಸರಿನ ಈ ಖಾತೆ ಸಂಖ್ಯೆಯ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಜೂನ್ 14ರಿಂದ ಶಾಶ್ವತವಾಗಿ ರದ್ದುಪಡಿಸಬೇಕು. ಉಪಕರಣಗಳನ್ನು ಪಡೆದುಕೊಂಡು ರಸೀದಿ ನೀಡಬೇಕು. ಅಂತಿಮ ಬಿಲ್ ಮತ್ತು ಠೇವಣಿ ಮರುಪಾವತಿಯ ವಿವರ ಕಳಿಸಬೇಕು’ ಎಂದಿಷ್ಟು ಬರೆದರೆ ಸಾಕು. ‘ಶಾಶ್ವತವಾಗಿ’ ಎಂಬ ಮಾತು ಇರಲೇಬೇಕು, ಏಕೆಂದರೆ ಕಂಪನಿಗಳಲ್ಲಿ ತಾತ್ಕಾಲಿಕ ನಿಲುಗಡೆ ಎಂಬ ಬೇರೆಯೇ ವ್ಯವಸ್ಥೆ ಇರುತ್ತದೆ. ಕೋರಿಕೆ ತಲುಪಿದ ಮೇಲೆ ಎಸ್ಸೆಮ್ಮೆಸ್‌ನಲ್ಲಿ ಬರುವ ಸಂಖ್ಯೆಯನ್ನು ಜೋಪಾನವಾಗಿಡಿ. ಒಂದೆರಡು ದಿನದಲ್ಲಿ ಕಂಪನಿಯಿಂದ ಕರೆ ಮಾಡಿ, ಒಂದು ತಿಂಗಳು ಉಚಿತ ಕೊಡುತ್ತೇವೆ, ಇರಿಸಿಕೊಳ್ಳಿ ಎಂದು ಹೇಳುವುದುಂಟು. ಆ ಮಾತಿಗೆ ಒಪ್ಪಿಕೊಂಡರೆ ನಿಮ್ಮ ರದ್ದತಿ ಕೋರಿಕೆಯೇ ಬಿದ್ದುಹೋಗುತ್ತದೆ. ಬೇಡವಾದರೆ ಸ್ಪಷ್ಟವಾಗಿ ಬೇಡವೆಂದೇ ಹೇಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ಸೇವಾ ಗುಣಮಟ್ಟ ನಿಯಮಗಳ ಪ್ರಕಾರ ಸಂಪರ್ಕವನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು ಮತ್ತು ಠೇವಣಿಯನ್ನು 45 ದಿನಗಳೊಳಗೆ ಮರಳಿಸಬೇಕು.

ಹೆಚ್ಚಿನ ತಕರಾರು ಹುಟ್ಟುವುದು ಉಪಕರಣ ಮರಳಿಸುವ ಹಂತದಲ್ಲಿ. ಫೈಬರ್ ಸಂಪರ್ಕದಲ್ಲಿ ಸಾಮಾನ್ಯವಾಗಿ ಮೋಡೆಮ್ ಅಥವಾ ರೂಟರ್ ಮತ್ತು ಅದರ ಅಡಾಪ್ಟರ್ ಇರುತ್ತವೆ, ಕೆಲವು ಪ್ಲಾನ್‌ಗಳಲ್ಲಿ ಸೆಟ್‌ಟಾಪ್ ಬಾಕ್ಸ್ ಮತ್ತು ರಿಮೋಟ್ ಕೂಡ ಇರುತ್ತವೆ. ಉಪಕರಣವನ್ನು ತಲೆಕೆಳಗು ಮಾಡಿದರೆ ಬಾರ್‌ಕೋಡ್ ಇರುವ ಚೀಟಿ ಕಾಣುತ್ತದೆ. ಅದರಲ್ಲಿ S/N ಎಂಬುದರ ಮುಂದಿರುವುದೇ ಸರಣಿ ಸಂಖ್ಯೆ. ಕಂಪನಿಯ ದಾಖಲೆಯಲ್ಲಿ ನಿಮ್ಮ ಖಾತೆಯ ಜೊತೆ ಜೋಡಿಸಿರುವುದು ಇದೇ ಸಂಖ್ಯೆಯನ್ನು. ಆ ಚೀಟಿಯ ಫೋಟೊ ತೆಗೆಯಿರಿ, ಉಪಕರಣ ಮತ್ತು ಅಡಾಪ್ಟರ್‌ಗಳನ್ನು ಒಟ್ಟಿಗಿಟ್ಟು ಇನ್ನೊಂದು ಫೋಟೊ ತೆಗೆಯಿರಿ. ಒಯ್ಯಲು ಬಂದ ಹುಡುಗನಿಂದ ಖಾತೆ ಸಂಖ್ಯೆ, ಸರಣಿ ಸಂಖ್ಯೆ, ವಸ್ತುಗಳ ಪಟ್ಟಿ, ದಿನಾಂಕ, ಅವರ ಹೆಸರು ಮತ್ತು ಸಹಿ ಇರುವ ರಸೀದಿ ಪಡೆಯಿರಿ. ಮುದ್ರಿತ ರಸೀದಿ ಇಲ್ಲವೆಂದರೆ ಬಿಳಿ ಹಾಳೆಯ ಮೇಲೆ ಬರೆಸಿಕೊಂಡರೂ ನಡೆಯುತ್ತದೆ. ಅವರು ಹೋದ ಮೇಲೆ ಅದರ ಫೋಟೊವನ್ನು ಅದೇ ಹಳೆಯ ಇಮೇಲ್‌ಗೆ ಉತ್ತರವಾಗಿ ಕಳಿಸಿ. ಒಯ್ದ ರೂಟರ್ ಕಚೇರಿಯ ದಾಖಲೆಗೆ ಸೇರದೆ ಎಲ್ಲೋ ಉಳಿದುಹೋದರೆ, ನಿಮ್ಮ ಮಾತಿಗೆ ಆಧಾರ ಇದೊಂದೇ. ಯಾರೂ ಬಾರದಿದ್ದರೆ ಕಂಪನಿಯ ಗ್ರಾಹಕ ಕೇಂದ್ರಕ್ಕೆ ನೀವೇ ಒಯ್ದು ಕೊಟ್ಟು ಮೊಹರು ಹಾಕಿಸಿಕೊಳ್ಳಿ.

ರೂಟರ್‌ನ ದೀಪ ಆರಿದೆ ಎಂಬುದು ಖಾತೆ ಮುಚ್ಚಿದ್ದಕ್ಕೆ ಪುರಾವೆಯಾಗುವುದಿಲ್ಲ. ಫೈಬರ್ ತಂತಿ ಬಿಚ್ಚಿದರೂ, ಮಾರ್ಗದಲ್ಲಿ ಎಲ್ಲೋ ಕಡಿದರೂ, ಸಿಗ್ನಲ್ ಇಲ್ಲವೆಂದು ಸೂಚಿಸುವ LOS ದೀಪ ಕೆಂಪಾಗುತ್ತದೆ. ಆ್ಯಪ್‌ನಲ್ಲಿ ಖಾತೆಯ ಸ್ಥಿತಿ ನೋಡಿ. Suspended ಎಂದಿದ್ದರೆ ಸೇವೆ ತಡೆಹಿಡಿಯಲಾಗಿದೆ ಎಂದಷ್ಟೇ ಅರ್ಥ. ಮುಚ್ಚಿದ ದಿನಾಂಕ ನಮೂದಿಸಿರುವ ಸಂದೇಶ ಅಥವಾ ಇಮೇಲ್ ಬರುವವರೆಗೆ ಕೇಳುತ್ತಲೇ ಇರಬೇಕು.

ಇನ್ನು ಅಂತಿಮ ಬಿಲ್. ಒಂದು ಉದಾಹರಣೆ ನೋಡೋಣ. ಮೈಸೂರಿನಿಂದ ಧಾರವಾಡಕ್ಕೆ ಹೊರಟ ಕುಟುಂಬವೊಂದರ ಪ್ಲಾನ್ ತಿಂಗಳಿಗೆ 600 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ 708 ರೂಪಾಯಿ ಎಂದಿಟ್ಟುಕೊಳ್ಳಿ. ಬಿಲ್ ಅವಧಿ ಒಂದನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ, ಮೇ ತಿಂಗಳವರೆಗಿನ ಬಾಕಿ ಇಲ್ಲ, ಠೇವಣಿ 1,000 ರೂಪಾಯಿ. ಜೂನ್ 14ಕ್ಕೆ ಖಾತೆ ಮುಚ್ಚಿದರೆ ಮೂವತ್ತು ದಿನದ ತಿಂಗಳಲ್ಲಿ ದಿನಕ್ಕೆ 20 ರೂಪಾಯಿಯಂತೆ 14 ದಿನಕ್ಕೆ 280 ರೂಪಾಯಿ, ಅದಕ್ಕೆ ತೆರಿಗೆ 50.40, ಒಟ್ಟು 330.40 ರೂಪಾಯಿ ಆಗುತ್ತದೆ. ಇದನ್ನು ಠೇವಣಿಯಲ್ಲಿ ಕಳೆದರೆ ಕಂಪನಿಯೇ 669.60 ರೂಪಾಯಿ ಕೊಡಬೇಕು. ಇದರ ಬದಲು ಇಡೀ 708 ರೂಪಾಯಿಯ ಬಿಲ್ ಬಂದರೆ ಎರಡರಲ್ಲಿ ಒಂದು ಆಗಿರುತ್ತದೆ: ಒಂದೋ ದಿನದ ಲೆಕ್ಕ ಹಾಕಿಲ್ಲ, ಇಲ್ಲವೇ ಮುಚ್ಚಿದ ದಿನಾಂಕ ದಾಖಲಾಗಿಲ್ಲ. ದಿನದ ಲೆಕ್ಕ ಅನ್ವಯಿಸುವುದಿಲ್ಲ ಎಂಬ ಷರತ್ತು ಪ್ಲಾನ್‌ನಲ್ಲೇ ಇದ್ದರೆ ಮಾತ್ರ ಆ ಮೊತ್ತ ಸರಿ. ಅಂಥ ಷರತ್ತಿದ್ದಲ್ಲಿ ಬಿಲ್ ಅವಧಿಯ ಕೊನೆಯ ದಿನಕ್ಕೇ ರದ್ದತಿ ಕೋರುವುದು ಲಾಭ. ‘ಉಪಕರಣ ಮರಳಿಸಿಲ್ಲ’ ಎಂಬ ಮೊತ್ತ ಸೇರಿದ್ದರೆ, ಸರಣಿ ಸಂಖ್ಯೆ ಇರುವ ರಸೀದಿಯನ್ನು ಲಗತ್ತಿಸಿ ಆ ಸಾಲನ್ನು ತೆಗೆಸಿ.

ಬ್ಯಾಂಕ್ ಖಾತೆ, ಕ್ರೆಡಿಟ್ ಕಾರ್ಡ್ ಅಥವಾ ಯುಪಿಐ ಆಟೊಪೇ ಮೂಲಕ ಹಣ ಕಡಿತವಾಗುತ್ತಿದ್ದರೆ, ಅಂತಿಮ ಬಿಲ್ ಇತ್ಯರ್ಥವಾದ ಮೇಲೆ ಆ ಅನುಮತಿಯನ್ನು ನಿಮ್ಮ ಬ್ಯಾಂಕಿನ ಅಥವಾ ಯುಪಿಐ ಆ್ಯಪ್‌ನಲ್ಲೇ ರದ್ದು ಮಾಡಿ. ಬ್ರಾಡ್‌ಬ್ಯಾಂಡ್ ಕಂಪನಿಯ ಆ್ಯಪ್ ಅಳಿಸಿದ ಮಾತ್ರಕ್ಕೆ ಅದು ರದ್ದಾಗುವುದಿಲ್ಲ. ಠೇವಣಿ ಬರುವವರೆಗೆ ನೋಂದಾಯಿತ ಮೊಬೈಲ್ ಸಂಖ್ಯೆಯನ್ನೂ ಬಿಡಬೇಡಿ. ಮರುಪಾವತಿಗೆಂದು ಯಾರಾದರೂ ಯುಪಿಐ ಪಿನ್ ಕೇಳಿದರೆ ಅದು ವಂಚನೆಯೇ, ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ.

ಡಿಟಿಎಚ್ ಬಹುತೇಕ ಪ್ರೀಪೇಯ್ಡ್ ಆಗಿರುವುದರಿಂದ ಅಲ್ಲಿ ಕೊನೆಯ ಬಿಲ್ಲಿನ ಕಾಟ ಕಡಿಮೆ. ಸೆಟ್‌ಟಾಪ್ ಬಾಕ್ಸ್ ಬಾಡಿಗೆಯದ್ದಾದರೆ ಮಾತ್ರ ಮೇಲಿನ ರೀತಿಯಲ್ಲೇ ರಸೀದಿ ಪಡೆದು ಮರಳಿಸಿ, ಖಾತೆಯಲ್ಲಿ ಉಳಿದ ಹಣವನ್ನೂ ಠೇವಣಿಯನ್ನೂ ಕೇಳಿ.

ತಪ್ಪು ಬಿಲ್ ಸರಿಹೋಗದಿದ್ದರೆ ಕಂಪನಿಯ ದೂರು ಕೇಂದ್ರದಲ್ಲಿ ದೂರು ದಾಖಲಿಸಿ ಡಾಕೆಟ್ ಸಂಖ್ಯೆ ಪಡೆಯಿರಿ. ಉತ್ತರ ತೃಪ್ತಿಕರವಲ್ಲದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ. ಟ್ರಾಯ್ ವೈಯಕ್ತಿಕ ದೂರುಗಳನ್ನು ವಿಚಾರಿಸುವುದಿಲ್ಲವಾದ್ದರಿಂದ ಅಲ್ಲಿಗೆ ಬರೆದು ದಿನ ಕಳೆಯಬೇಡಿ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಕಂಪನಿಗೆ ದೂರು ತಲುಪಿಸುತ್ತಾರೆ. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ: ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ವಸೂಲಿ ಏಜೆನ್ಸಿಯವರು ಈ ನಡುವೆ ಕರೆ ಮಾಡಿದರೆ ಫೋನಿನಲ್ಲಿ ವಾದಿಸುವುದಕ್ಕಿಂತ ಅವರ ಇಮೇಲ್ ವಿಳಾಸ ಕೇಳಿ, ಖಾತೆ ಮುಚ್ಚಿದ ಸಂದೇಶ, ಉಪಕರಣದ ರಸೀದಿ ಮತ್ತು ಡಾಕೆಟ್ ಸಂಖ್ಯೆಗಳನ್ನು ಕಳಿಸಿ, ಕಂಪನಿಗೂ ಅದರ ಪ್ರತಿಯನ್ನು ಹಾಕಿ.