ಮಕ್ಕಳ ಮಲಬದ್ಧತೆ: ಪಾಲಿಎಥಿಲೀನ್ ಗ್ಲೈಕಾಲ್ ಕೊಡುವ ಕ್ರಮ

ಅಮೆರಿಕಕ್ಕೆ ಹೊಸದಾಗಿ ಬಂದ ಕುಟುಂಬಗಳಲ್ಲಿ, ಶಾಲೆಗೆ ಸೇರಿದ ಪುಟ್ಟ ಮಕ್ಕಳು ಕೆಲವೊಮ್ಮೆ ಮಲವನ್ನು ತಡೆದುಕೊಳ್ಳಲು ಶುರು ಮಾಡುತ್ತಾರೆ. ನೀರಿಲ್ಲದ, ಬರೀ ಕಾಗದವಿರುವ ಶೌಚಾಲಯ ಮಗುವಿಗೆ ಒಗ್ಗುವುದಿಲ್ಲ. ಎತ್ತರದ ಕಮೋಡಿನ ಮೇಲೆ ಕಾಲು ಜೋತಾಡುವುದರಿಂದ ತಿಣುಕಲು ಆಸರೆ ಸಿಗುವುದಿಲ್ಲ. ತಡೆದ ಮಲ ಒಣಗಿ ಗಟ್ಟಿಯಾಗುತ್ತದೆ, ಹೊರಬರುವಾಗ ನೋಯುತ್ತದೆ, ಆ ನೋವಿಗೆ ಹೆದರಿದ ಮಗು ಇನ್ನಷ್ಟು ತಡೆಯುತ್ತದೆ. ಇಂಥ ಸಂದರ್ಭದಲ್ಲಿ ಇಲ್ಲಿನ ಮಕ್ಕಳ ವೈದ್ಯರು ಸಾಮಾನ್ಯವಾಗಿ ಹೇಳುವ ಔಷಧ ಪಾಲಿಎಥಿಲೀನ್ ಗ್ಲೈಕಾಲ್ 3350. ಮಿರಾಲ್ಯಾಕ್ಸ್ ಮುಂತಾದ ಹೆಸರಿನಲ್ಲಿ ಔಷಧದಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುವ ಈ ಪುಡಿ ದೇಹಕ್ಕೆ ಬಹುಮಟ್ಟಿಗೆ ಹೀರಲ್ಪಡದೆ, ತಾನು ಕರಗಿದ ನೀರನ್ನು ಕರುಳಿನಲ್ಲೇ ಹಿಡಿದಿಟ್ಟುಕೊಂಡು ಮಲವನ್ನು ಮೆದುವಾಗಿಸುತ್ತದೆ. ಆದ್ದರಿಂದ ಹೇಳಿದಷ್ಟು ನೀರಿನಲ್ಲೇ ಅದನ್ನು ಕರಗಿಸಬೇಕು.

ಡಬ್ಬಿಯ ಮೇಲೆ, 16 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ವೈದ್ಯರನ್ನು ಕೇಳಿ ಎಂದೂ, 7 ದಿನ ಮೀರಿ ಬಳಸಬೇಡಿ ಎಂದೂ ಬರೆದಿರುತ್ತದೆ. ಇದನ್ನು ಓದಿ ಪೋಷಕರು ವೈದ್ಯರು ತಿಂಗಳುಗಟ್ಟಲೆ ಕೊಡಲು ಹೇಳಿದ ಔಷಧವನ್ನು ಒಂದೇ ವಾರಕ್ಕೆ ನಿಲ್ಲಿಸಿಬಿಡುವುದುಂಟು. ಆ ಸೂಚನೆ ವೈದ್ಯರನ್ನು ಕಾಣದೆ ತಾವೇ ಕೊಂಡು ಬಳಸುವವರಿಗೆ. ವೈದ್ಯರ ನಿಗಾದಲ್ಲಿ ಮಕ್ಕಳಿಗೆ ದೀರ್ಘಕಾಲ ಕೊಡುವುದು ರೂಢಿಯಲ್ಲಿರುವ ಚಿಕಿತ್ಸೆ.

ನಾಲ್ಕು ವರ್ಷದ, 16 ಕಿಲೋ ತೂಕದ ಮಗುವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ವಾರಕ್ಕೊಮ್ಮೆ ದಪ್ಪ ಗಟ್ಟಿ ಮಲ, ನಡುನಡುವೆ ಚಡ್ಡಿಯಲ್ಲಿ ತೆಳ್ಳನೆಯ ಕಲೆ. ಈ ಕಲೆಯನ್ನು ಭೇದಿಯೆಂದು ತಿಳಿದು ಔಷಧ ನಿಲ್ಲಿಸುವುದೇ ನಮ್ಮ ಜನ ಹೆಚ್ಚಾಗಿ ಮಾಡುವ ತಪ್ಪು. ಒಳಗೆ ಸಿಕ್ಕಿಕೊಂಡ ಗಟ್ಟಿ ಮುದ್ದೆಯ ಪಕ್ಕದಿಂದ ನೀರು ಮಲ ಸೋರುತ್ತಿರುವುದರಿಂದ, ಆಗ ಬೇಕಾಗಿರುವುದು ಮೊದಲು ಆ ಮುದ್ದೆಯನ್ನು ಹೊರಹಾಕುವುದು. ಈ ಹಂತಕ್ಕೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1ರಿಂದ 1.5 ಗ್ರಾಂ, 3ರಿಂದ 6 ದಿನ ಎಂಬುದು ಮಾನ್ಯ ಪ್ರಮಾಣ. ನಮ್ಮ ಮಗುವಿಗೆ ಅದು 16ರಿಂದ 24 ಗ್ರಾಂ ಆಗುತ್ತದೆ. ಡಬ್ಬಿಯ ಮುಚ್ಚಳದ ಒಳಗಿನ ಗೆರೆಯವರೆಗೆ ತುಂಬಿದರೆ 17 ಗ್ರಾಂ, ಅಂದರೆ ದಿನಕ್ಕೆ ಸುಮಾರು ಒಂದು ಮುಚ್ಚಳದಿಂದ, ಒಂದೂವರೆ ಮುಚ್ಚಳಕ್ಕಿಂತ ಸ್ವಲ್ಪ ಕಡಿಮೆಯವರೆಗೆ. ಒಂದು ಮುಚ್ಚಳಕ್ಕೆ ಸುಮಾರು 240 ಮಿಲಿಲೀಟರ್ ನೀರು ಅಥವಾ ಹಣ್ಣಿನ ರಸ ಸೇರಿಸಿ, ಪೂರ್ತಿ ಕರಗುವವರೆಗೆ ಕಲಕಿ, ದಿನದಲ್ಲಿ ಎರಡು ಸಲವಾಗಿ ಕುಡಿಸಬಹುದು. ಶುಕ್ರವಾರ ಸಂಜೆ ಶುರು ಮಾಡಿದರೆ ಮೊದಲ ಎರಡು ದಿನ ಮಗು ಮನೆಯಲ್ಲೇ ಇರುತ್ತದೆ. ಆರಂಭದಲ್ಲಿ ಹೊಟ್ಟೆನೋವು, ಸೋರಿಕೆ ಹೆಚ್ಚಬಹುದು. ಮುದ್ದೆಗಳೆಲ್ಲ ಹೋಗಿ, ಬರುವುದು ನೀರಾಗಿ ತಿಳಿಯಾಗುವವರೆಗೆ ಈ ಹಂತ ಮುಗಿದಂತಲ್ಲ. ಒಂದು ದೊಡ್ಡ ಮಲ ಬಂದಿತೆಂದು ನಿಲ್ಲಿಸಿದರೆ ಉಳಿದದ್ದು ಮತ್ತೆ ಗಟ್ಟಿಯಾಗುತ್ತದೆ. ಆರು ದಿನಕ್ಕೂ ತಿಳಿಯಾಗದಿದ್ದರೆ ವೈದ್ಯರಿಗೆ ಕರೆ ಮಾಡಿ.

ಅನಂತರ ತಕ್ಷಣವೇ ನಿತ್ಯದ ಪ್ರಮಾಣ ಶುರುವಾಗಬೇಕು. ಹಿಗ್ಗಿದ ಗುದನಾಳ ತನ್ನ ಗಾತ್ರಕ್ಕೂ ಸಂವೇದನೆಗೂ ಮರಳಲು ತಿಂಗಳುಗಳೇ ಬೇಕಾಗುವುದರಿಂದ ಈ ಹಂತ ಉದ್ದವಾಗಿರುತ್ತದೆ. ಕಿಲೋಗೆ ಸುಮಾರು 0.4 ಗ್ರಾಂನಿಂದ ಆರಂಭಿಸಿ, ಅಗತ್ಯ ನೋಡಿ 0.2ರಿಂದ 0.8ರ ನಡುವೆ ಹೊಂದಿಸುತ್ತಾರೆ. ಈ ಮಗುವಿಗೆ ಆರಂಭ 6.4 ಗ್ರಾಂ, ಅಂದರೆ ಅರ್ಧ ಮುಚ್ಚಳಕ್ಕಿಂತ ಸ್ವಲ್ಪ ಕಡಿಮೆ. ಅಡುಗೆಮನೆಯ ಗ್ರಾಂ ತಕ್ಕಡಿಯಿದ್ದರೆ ಅಳತೆ ಸುಲಭ. ದಿನಕ್ಕೊಮ್ಮೆ ನೋವಿಲ್ಲದೆ ಬಾಳೆಹಣ್ಣಿನ ತಿರುಳಿನಷ್ಟು ಮೆತ್ತಗಿನ ಮಲ ಬರುವುದೇ ಗುರಿ. ನೀರಾದರೆ ಸ್ವಲ್ಪ ಇಳಿಸಿ, ಗಟ್ಟಿಯಾದರೆ ಏರಿಸಿ, ಆದರೆ ಪ್ರತಿದಿನ ಬದಲಿಸದೆ ಎರಡು ಮೂರು ದಿನ ಕಾದು ನೋಡಿ. ಊಟದ ನಂತರ ಪಾದದ ಕೆಳಗೆ ಮಣೆಯಿಟ್ಟು, ಐದರಿಂದ ಹತ್ತು ನಿಮಿಷ ಕೂರಿಸುವುದೂ ಚಿಕಿತ್ಸೆಯ ಭಾಗವೇ.

ಔಷಧ ಬಿಡಿಸುವ ಮಾತು ಕನಿಷ್ಠ ಎರಡು ತಿಂಗಳಾದ ಮೇಲೆ, ಅದರಲ್ಲೂ ಕೊನೆಯ ಒಂದು ತಿಂಗಳು ತಡೆಯುವುದು, ನೋವು, ಸೋರಿಕೆ ಯಾವುದೂ ಇಲ್ಲದಿದ್ದರೆ ಮಾತ್ರ. ಶೌಚಾಲಯದ ಅಭ್ಯಾಸ ಕಲಿಯುತ್ತಿರುವ ಮಗುವಾದರೆ ಆ ಅಭ್ಯಾಸ ಪೂರ್ತಿ ಕೈಗೂಡುವವರೆಗೂ ಕಾಯಬೇಕು. 6.4 ಗ್ರಾಂನಿಂದ ಸುಮಾರು 5, ಅನಂತರ 3.5, ಅನಂತರ 2 ಎಂದು ಇಳಿಸುತ್ತಾ, ಪ್ರತಿ ಮೆಟ್ಟಿಲಲ್ಲೂ ಕೆಲವು ವಾರ ನಿಲ್ಲುವುದು ಒಳ್ಳೆಯದು. ಈ ಮೆಟ್ಟಿಲುಗಳನ್ನು ವೈದ್ಯರ ಜೊತೆ ಕುಳಿತೇ ನಿರ್ಧರಿಸಿ. ಮೂರು ದಿನ ಮಲವಿಲ್ಲದಿದ್ದರೆ ಅಥವಾ ಮಗು ಮೂಲೆಯಲ್ಲಿ ಕಾಲು ಬಿಗಿಹಿಡಿದು ನಿಂತರೆ ಹಿಂದಿನ ಮೆಟ್ಟಿಲಿಗೆ ಮರಳಿ.

ಊರಿನಿಂದ ತಂದ ಪುಡಿಯನ್ನು ಮುಚ್ಚಳದ ಲೆಕ್ಕದಲ್ಲಿ ಕೊಡಬೇಡಿ. ಅದರಲ್ಲಿ ಲವಣಗಳು ಸೇರಿದ್ದು, ಒಂದು ಪ್ಯಾಕೆಟ್ಟಿನ ತೂಕವೂ ಬೇರೆ ಇರಬಹುದು. ಒಂದು ವರ್ಷ ತುಂಬದ ಕೂಸಿಗೆ ತಾವಾಗಿ ಶುರು ಮಾಡಲೇಬೇಡಿ. ಹಸಿರು ವಾಂತಿ, ಬಿಗಿದು ಉಬ್ಬಿದ ಹೊಟ್ಟೆ, ಜ್ವರ, ಹೆಚ್ಚು ರಕ್ತ, ತೂಕ ಇಳಿಯುವುದು, ಕಾಲಿನ ನಿಶ್ಶಕ್ತಿ, ಅಥವಾ ಹುಟ್ಟಿದ ಮೊದಲ ಎರಡು ದಿನ ಮಲ ಬಂದಿರಲಿಲ್ಲ ಎಂಬ ಹಿನ್ನೆಲೆ ಇದ್ದರೆ ಈ ಪುಡಿಯನ್ನು ಕೊಡುವ ಮೊದಲು ವೈದ್ಯರು ಮಗುವನ್ನು ನೋಡಬೇಕು. ವಾಂತಿ ಮತ್ತು ಉಬ್ಬಿದ ಹೊಟ್ಟೆ ಒಟ್ಟಿಗೇ ಕಂಡರೆ ಅಂದೇ ತುರ್ತು ಚಿಕಿತ್ಸೆಗೆ ಹೋಗಿ.